ಮಾತಿನಮಲ್ಲ ಪಾಸಾದ ಬಗೆ

ಲಿಫ್ಟಿನೊಳಗೆ ಸಿಕ್ಕಿಕೊಂಡವರು ಮೊದಲು ದೇವರನ್ನು ಕರೆಯುತ್ತಾರೆ, ಆಮೇಲೆ ನಮ್ಮ ಕಚೇರಿಗೆ ಫೋನ್ ಮಾಡುತ್ತಾರೆ. ದೇವರು ಎತ್ತುತ್ತಾನೋ ಇಲ್ಲವೋ ನಾನರಿಯೆ. ನಮ್ಮಲ್ಲಿ ಎತ್ತುತ್ತಿದ್ದವನು ಮಲ್ಲಣ್ಣ.

ಮಲ್ಲಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಯಾವನೋ ಮೆಕ್ಯಾನಿಕ್ ಅವನನ್ನು ಮಾತಿನಮಲ್ಲ ಎಂದು ಕರೆದ, ಅದು ಸವೆದು ಸವೆದು ಮಲ್ಲಣ್ಣ ಆಯಿತು. ನಮ್ಮದು ಲಿಫ್ಟ್ ರಿಪೇರಿ ಕಂಪನಿಯ ಶಾಖೆ. ನೆಲಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಅದರ ಒಂದು ತುದಿಗೆ ದೂರು ತೆಗೆದುಕೊಳ್ಳುವ ಡೆಸ್ಕು, ಇನ್ನೊಂದು ತುದಿಗೆ ಬಿಡಿಭಾಗಗಳ ಸ್ಟೋರು. ಸ್ಟೋರಿನವಳು ನಾನು. ನನ್ನ ಬಲಕ್ಕೆ ಪ್ಲೈವುಡ್ಡಿನ ಗೋಡೆ, ಅದರಾಚೆ ಮ್ಯಾನೇಜರ್ ಕೋಣೆ. ಆ ಗೋಡೆ ಇರುವುದು ಕಣ್ಣಿಗೆ ಮಾತ್ರ, ಕಿವಿಗಲ್ಲ. ಹಾಗಾಗಿ ನಾನು ಮುಂದೆ ಹೇಳುವುದನ್ನೆಲ್ಲ ಕದ್ದು ಕೇಳಿದೆ ಎಂದು ಯಾರೂ ಅಂದುಕೊಳ್ಳಬೇಕಾಗಿಲ್ಲ. ಕೇಳಿಸಿತು, ಅಷ್ಟೆ.

ಮಲ್ಲಣ್ಣ ಮೊದಲು ಮೆಕ್ಯಾನಿಕ್ ಆಗಿದ್ದವನು. ಯಾವುದೋ ಕಟ್ಟಡದಲ್ಲಿ ಲಿಫ್ಟಿನ ಗುಂಡಿಗೆ ಜಾರಿ ಬಿದ್ದು ಮಂಡಿ ಮುರಿದುಕೊಂಡ ಮೇಲೆ ಏಣಿ ಹತ್ತುವುದು ಮುಗಿಯಿತು. ಕಂಪನಿ ಕೈಬಿಡಲಿಲ್ಲ, ಡೆಸ್ಕಿಗೆ ಕೂರಿಸಿತು. ಕೆಲಸ ಇಷ್ಟೇ: ಫೋನ್ ಬಂದರೆ ಲಿಫ್ಟಿನ ನಂಬರು ಕೇಳಿ ಕಂಪ್ಯೂಟರಿನಲ್ಲಿ ದಾಖಲು ಮಾಡುವುದು, ಹತ್ತಿರ ಇರುವ ಮೆಕ್ಯಾನಿಕ್‌ಗೆ ಆ ದೂರನ್ನು ಒಪ್ಪಿಸುವುದು. ಒಳಗೆ ಜನ ಸಿಕ್ಕಿಕೊಂಡಿದ್ದರೆ ಪರದೆಯ ಮೇಲೆ ಅದು ಕೆಂಪಗೆ ಕಾಣುತ್ತದೆ, ಅದಕ್ಕೆ ಮೊದಲ ಮಣೆ. ಇಲ್ಲಿಗೆ ಡೆಸ್ಕಿನವನ ಕೆಲಸ ಮುಗಿಯಿತು. ಮಲ್ಲಣ್ಣನಿಗೆ ಮಾತ್ರ ಇಲ್ಲಿಂದ ಶುರುವಾಗುತ್ತಿತ್ತು.

ಅವನು ಫೋನ್ ಇಡುತ್ತಿರಲಿಲ್ಲ. ಮೆಕ್ಯಾನಿಕ್ ಬಂದು ಬಾಗಿಲು ತೆಗೆಯುವವರೆಗೆ ಒಳಗಿನವರ ಜೊತೆ ಮಾತಾಡುತ್ತಲೇ ಇರುತ್ತಿದ್ದ.

"ಬೀಳುತ್ತೆ ಅಂತ ಹೆದರ್ಬೇಡಿ ತಾಯಿ. ನಿಂತಿದೆ ಅಂದ್ರೆ ಗಟ್ಟಿಯಾಗಿ ಹಿಡ್ಕೊಂಡಿದೆ ಅಂತಾನೇ ಅರ್ಥ. ನಿಂತ ಲಿಫ್ಟು ನಮ್ಮತ್ತೆ ಇದ್ದ ಹಾಗೆ, ಜಪ್ಪಯ್ಯ ಅಂದ್ರೂ ಜಗ್ಗಲ್ಲ. ಗಾಳಿ ಬರುತ್ತೆ, ಮೇಲೆ ಕಂಡಿ ಇದೆ ನೋಡಿ. ಬಾಗಿಲು ಮಾತ್ರ ಎಳೀಬೇಡಿ. ಕೂತ್ಕೊಳ್ಳಿ. ನೆಲ ಕೊಳೆ ಇದ್ರೆ ಇರ್ಲಿ, ಸೀರೆ ಒಗೀಬಹುದು. ಹೂಂ, ಈಗ ಹೇಳಿ, ಬೆಳಿಗ್ಗೆ ತಿಂಡಿ ಏನು ಮಾಡಿದ್ರಿ?"

ಅಲ್ಲಿಂದ ತಿಂಡಿ, ತಿಂಡಿಯಿಂದ ಗಂಡ, ಗಂಡನಿಂದ ಗಂಡನ ತಂಗಿ. ಅಳುತ್ತಾ ಫೋನ್ ಮಾಡಿದವಳು ಹತ್ತು ನಿಮಿಷದಲ್ಲಿ ನಾದಿನಿಯನ್ನು ಬಯ್ಯುತ್ತಾ ಕೂತಿರುತ್ತಿದ್ದಳು. ಬಯ್ಗುಳ ಬಂದರೆ ಭಯ ಹೋಯಿತು ಎಂದು ಲೆಕ್ಕ ಎನ್ನುತ್ತಿದ್ದ ಅವನು. ಮೆಕ್ಯಾನಿಕ್‌ಗಳೂ ನನ್ನ ಹತ್ತಿರ ಹೇಳಿದ್ದರು: ಮಲ್ಲಣ್ಣನ ಪಾಳಿಯಲ್ಲಿ ಬಾಗಿಲು ತೆಗೆದರೆ ಜನ ನಡೆದು ಹೊರಗೆ ಬರುತ್ತಾರೆ, ಬೇರೆಯವರ ಪಾಳಿಯಲ್ಲಿ ಎತ್ತಿಕೊಂಡು ಬರಬೇಕಾಗುತ್ತದೆ.

ಇದಕ್ಕೆ ಅವನಿಗೆ ಸಿಕ್ಕ ಬಹುಮಾನ ಏನು ಗೊತ್ತೇ? ಪ್ರತಿ ವರ್ಷದ ಮೌಲ್ಯಮಾಪನದಲ್ಲಿ ಒಂದೇ ಸಾಲು. 'ಫೋನಿನಲ್ಲಿ ಅನಗತ್ಯ ಮಾತು ಹೆಚ್ಚು.' ಮ್ಯಾನೇಜರ್‌ಗಳು ಬಂದರು, ಹೋದರು, ಆ ಸಾಲು ಮಾತ್ರ ಹೋಗಲಿಲ್ಲ. ಕೊನೆಗೆ ಅವನೇ ಅದನ್ನು ನಂಬಿಬಿಟ್ಟ. "ನನ್ನ ಬಾಯಿ ಚಪಲ ತಂಗಿ, ಏನು ಮಾಡ್ಲಿ," ಎಂದು ನನ್ನ ಮುಂದೆ ತಲೆ ತಗ್ಗಿಸುತ್ತಿದ್ದ. ಕುಡುಕ ಕುಡಿತದ ಬಗ್ಗೆ ಹೇಳಿಕೊಳ್ಳುವ ದನಿಯಲ್ಲಿ ಹೇಳುತ್ತಿದ್ದ.

ಹಾಗೆಂದು ಅವನ ಮೇಲಿನ ದೂರು ಸುಳ್ಳು ಎಂದು ನಾನು ಹೇಳುವುದಿಲ್ಲ. ಒಂದು ಮಧ್ಯಾಹ್ನ ಅವನು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಯಾರೋ ಮುದುಕರ ಜೊತೆ ಮಾತಿಗೆ ಬಿದ್ದಿದ್ದಾಗ ಒಂದು ನರ್ಸಿಂಗ್ ಹೋಮಿನ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಅಲ್ಲಿ ಲಿಫ್ಟು ಕೆಟ್ಟು ನಿಂತು, ಆಪರೇಷನ್ ಆದ ಹೆಂಗಸೊಬ್ಬಳು ಗಾಲಿಕುರ್ಚಿಯಲ್ಲಿ ನಾಲ್ಕನೇ ಮಹಡಿಯಲ್ಲೇ ಉಳಿದಳು, ಗಂಟೆಗಟ್ಟಲೆ. ಅವಳ ಮಗ ಬಂದು ನಮ್ಮ ಕಚೇರಿಯ ಮೇಜು ಗುದ್ದಿ ಕೂಗಾಡಿದ. ಕೂಗಾಡಿದ್ದು ನ್ಯಾಯವೇ. ಮುಖ್ಯ ಕಚೇರಿಯಿಂದ ಪತ್ರ ಬಂತು. ನಮ್ಮ ಶಾಖೆ ಆಗಲೇ ಎಲ್ಲ ಶಾಖೆಗಳಿಗಿಂತ ಕೆಳಗಿತ್ತು, ಈಗ ಪಾತಾಳ ಕಂಡಿತು.

ಹೊಸ ಮ್ಯಾನೇಜರ್‌ಗೆ ಇದೇ ಬೇಕಾಗಿತ್ತು. ಈ ಮನುಷ್ಯ ಮಾತಾಡುವಾಗ ಎದುರಿನವರ ಮುಖ ನೋಡದೆ ಅವರ ಹಿಂದಿನ ಗೋಡೆ ನೋಡುವ ಪೈಕಿ. ಮಲ್ಲಣ್ಣನ ಜಾಗಕ್ಕೆ ಇಬ್ಬರು ಚುರುಕು ಹುಡುಗಿಯರನ್ನು ಆಗಲೇ ಮನಸ್ಸಿನಲ್ಲಿ ಕೂರಿಸಿಯಾಗಿತ್ತು. ಆದರೆ ಇಷ್ಟು ವರ್ಷ ದುಡಿದವನನ್ನು, ಅದೂ ಕೆಲಸದಲ್ಲೇ ಮಂಡಿ ಕಳೆದುಕೊಂಡವನನ್ನು, ಹಾಗೇ ಹೊರಗೆ ಕಳಿಸುವಂತಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೆ ಕಂಪನಿಯಲ್ಲಿ ಒಂದು ದಾರಿ ಇದೆ. ಕಾರ್ಯಕ್ಷಮತೆ ಸುಧಾರಣಾ ಯೋಜನೆ ಎಂದು ಅದರ ಪೂರ್ತಿ ಹೆಸರು, ನಾವೆಲ್ಲ ಪಿಐಪಿ ಎನ್ನುತ್ತೇವೆ. ಇಂತಿಷ್ಟು ವಾರದಲ್ಲಿ ನಿನ್ನ ಕೆಲಸ ಸುಧಾರಿಸಬೇಕು, ಇಲ್ಲವೆಂದರೆ ಮನೆಗೆ ಹೋಗು ಎಂಬ ಕಾಗದ.

ಮ್ಯಾನೇಜರ್ ಕರಡು ಬರೆದ. ಎಚ್.ಆರ್. ಮೇಡಂ ಬಂದು ಓದಿದಳು. ಆಕೆ ಮುಖ್ಯ ಕಚೇರಿಯವಳು, ತಿಂಗಳಿಗೊಮ್ಮೆ ಬರುವವಳು, ಬಿಸಿನೀರಿನ ಫ್ಲಾಸ್ಕು ಜೊತೆಗೇ ತರುವವಳು. ಪ್ಲೈವುಡ್ ಗೋಡೆಯಾಚೆಯಿಂದ ಆಕೆ ಗಟ್ಟಿಯಾಗಿ ಓದಿದ್ದು ನನಗೆ ಕೇಳಿಸಿತು.

"'ಸ್ಪಂದನೆ ಸುಧಾರಿಸಬೇಕು. ಹೊಣೆಗಾರಿಕೆ ತೋರಿಸಬೇಕು. ವೃತ್ತಿಪರ ಮನೋಭಾವ ಬೆಳೆಸಿಕೊಳ್ಳಬೇಕು.' ಸಾರ್, ಇದರಲ್ಲಿ ಅವರು ಏನು ಮಾಡಿದ್ರೆ ಪಾಸು?"

"ಸುಧಾರಿಸಿದ್ರೆ ಪಾಸು."

"ಸುಧಾರಿಸಿದ್ದು ಹೇಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ ಮೇಡಂ. ದಿನಾ ನೋಡ್ತಿರ್ತೀನಲ್ಲ."

"ನಿಮಗೆ ಗೊತ್ತಾಗುತ್ತೆ. ಅವರಿಗೆ?"

ಆಚೆ ಕುರ್ಚಿ ಕಿರುಗುಟ್ಟಿತು. ಆಕೆಯೇ ಮುಂದುವರಿಸಿದಳು. "ಇದಕ್ಕೆ ನಾನು ಸಹಿ ಹಾಕಲ್ಲ. ಕೊನೇ ದಿನ ಈ ಕಾಗದವನ್ನ ನಮ್ಮಿಬ್ಬರನ್ನೂ ಕಂಡರಿಯದವರ ಕೈಗೆ ಕೊಟ್ರೂ ಅವರು ಪಾಸೋ ಫೇಲೋ ಹೇಳೋ ಹಾಗಿರಬೇಕು. ಮನೋಭಾವಾನ ಅಳೆಯೋ ತಕ್ಕಡಿ ನಿಮ್ಮ ಹತ್ರ ಇದೆಯಾ? ಇದ್ರೆ ತೋರಿಸಿ. ಇಲ್ಲದಿದ್ರೆ ಅವರು ಮಾಡೋ ಕೆಲಸ ಬರೀರಿ. ಕಂಪ್ಯೂಟರಲ್ಲಿ ದಾಖಲಾಗೋ ಕೆಲಸ."

ನನಗೆ ಎದ್ದು ಹೋಗಿ ಆಕೆಯ ಕೈ ಕುಲುಕೋಣ ಅನ್ನಿಸಿತು. ಇಂದಿಗೂ ಹೇಳುತ್ತೇನೆ, ಆ ಹೆಂಗಸು ಒಳ್ಳೆಯವಳು. ಈ ಕಥೆಯಲ್ಲಿ ಕೆಟ್ಟವರನ್ನು ಹುಡುಕುವವರು ಅವಳ ಹತ್ತಿರ ಹೋಗಬೇಡಿ.

ಹಿಂದಿನ ಮೂರು ತಿಂಗಳ ದಾಖಲೆ ತೆಗೆಸಿದಳು. ದೂರು ಬಂದ ಐದು ನಿಮಿಷದೊಳಗೆ ಮೆಕ್ಯಾನಿಕ್‌ಗೆ ಒಪ್ಪಿಸಿದ್ದು, ಮಲ್ಲಣ್ಣನದು ನೂರಕ್ಕೆ ಅರವತ್ತು. ಡೆಸ್ಕಿನ ಉಳಿದವರದು ತೊಂಬತ್ತರ ಹತ್ತಿರ. ಮ್ಯಾನೇಜರ್ ತೊಂಬತ್ತೆಂಟು ಬರೆಯೋಣ ಎಂದ. "ಉಳಿದವರೇ ಮುಟ್ಟದ ಗುರಿಯನ್ನ ಇವರೊಬ್ಬರಿಗೆ ಇಟ್ರೆ ಅದು ಗುರಿ ಅಲ್ಲ ಸಾರ್, ಗುಂಡಿ," ಎಂದಳು. ಎಂಬತ್ತೈದಕ್ಕೆ ನಿಂತಿತು.

ಮರುದಿನ ಮೂವರೂ ಕೂತರು. ಮಲ್ಲಣ್ಣ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ, ಹೆಣ್ಣು ನೋಡಲು ಹೊರಟವನ ಹಾಗೆ. ಅವನ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವಳು, ಹಿಂದಿನ ದಿನವೆಲ್ಲ ಒಲೆ ಹಚ್ಚಿರಲಿಲ್ಲವಂತೆ. ಗಂಡನ ಮನೆ ಬಿಟ್ಟು ಬಂದ ಮಗಳು, ಅವಳ ಎಳೆಗೂಸು, ಇಬ್ಬರೂ ಅವನ ದುಡಿಮೆಯ ಮೇಲೇ ಇದ್ದರು. ಐವತ್ತು ದಾಟಿದ ಕುಂಟುಕಾಲಿನವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಅವನಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು.

ಮೇಡಂ ಒಂದೊಂದೇ ಓದಿ ಹೇಳಿದಳು. ಎಂಟು ವಾರದ ಅವಧಿ. ಮೊದಲನೆಯದು, ಸಾಮಾನ್ಯ ದೂರುಗಳಲ್ಲಿ ನೂರಕ್ಕೆ ಎಂಬತ್ತೈದನ್ನು ಐದು ನಿಮಿಷದೊಳಗೆ ಒಪ್ಪಿಸಬೇಕು. ಎರಡನೆಯದು, ಜನ ಸಿಕ್ಕಿಕೊಂಡ ದೂರು ಬಂದರೆ ನಾಲ್ಕು ಸುರಕ್ಷತಾ ಸೂಚನೆ ಹೇಳಿ ಎರಡು ನಿಮಿಷದೊಳಗೆ ಒಪ್ಪಿಸಬೇಕು, ಇದರಲ್ಲಿ ಒಂದೂ ತಪ್ಪುವಂತಿಲ್ಲ. ಮೂರನೆಯದು, ಅವನ ಪಾಳಿಯಲ್ಲಿ ಎತ್ತದೆ ಹೋದ ಫೋನುಗಳು ನೂರಕ್ಕೆ ಐದನ್ನು ಮೀರಬಾರದು. ಮೊದಲ ನಾಲ್ಕು ವಾರ ಕಲಿಕೆಗೆ, ಕೊನೆಯ ನಾಲ್ಕು ವಾರ ಪ್ರತಿ ವಾರವೂ ಈ ಮೂರನ್ನೂ ಮುಟ್ಟಿರಬೇಕು. ಸಮಯ ತೆಗೆದುಕೊಳ್ಳುವುದು ಕಂಪ್ಯೂಟರಿನಿಂದ, ಯಾರ ಬಾಯಿಂದಲೂ ಅಲ್ಲ. ಕಂಪ್ಯೂಟರ್ ಕೆಟ್ಟಿದ್ದ ಹೊತ್ತು, ಮೆಕ್ಯಾನಿಕ್ ಒಬ್ಬನೂ ಖಾಲಿ ಇಲ್ಲದ ಹೊತ್ತು ಲೆಕ್ಕಕ್ಕಿಲ್ಲ, ಏಕೆಂದರೆ ಅದು ಅವನ ಕೈಯಲ್ಲಿಲ್ಲ. ಹೊಸ ಸಾಫ್ಟ್‌ವೇರ್ ಬಂದಾಗ ಅವನಿಗೆ ತರಬೇತಿ ಕೊಟ್ಟೇ ಇರಲಿಲ್ಲ, ಅದನ್ನು ಮೊದಲ ವಾರದಲ್ಲೇ ಕಂಪನಿ ಕೊಡಬೇಕು. ಪ್ರತಿ ಸೋಮವಾರ ಮ್ಯಾನೇಜರ್ ಅವನ ಜೊತೆ ಅರ್ಧ ಗಂಟೆ ಕೂತು ಅಂಕಿ ತೋರಿಸಬೇಕು.

"ಮುಟ್ಟಿದ್ರೆ ಯೋಜನೆ ಮುಗೀತು ಅಂತ ಬರವಣಿಗೆಯಲ್ಲಿ ಕೊಡ್ತೀವಿ. ಮುಟ್ಟದಿದ್ರೆ ಕೆಲಸ ಹೋಗಬಹುದು. ಇದನ್ನ ಮುಚ್ಚಿಟ್ಟು ಹೇಳೋದು ನನಗೆ ಬರಲ್ಲ. ಈಗ ನೀವೇ ಹೇಳಿ, ಪಾಸಾಗೋಕೆ ಏನು ಮಾಡಬೇಕು? ನಿಮ್ಮ ಮಾತಲ್ಲೇ."

ಮಲ್ಲಣ್ಣ ಹೇಳಿದ. ಒಂದು ಅಂಕಿಯೂ ತಪ್ಪಲಿಲ್ಲ.

"ಸರಿ. ಈ ಗುರಿಗಳಲ್ಲಿ ನಿಮ್ಮ ಕೆಲಸ ಪೂರ್ತಿ ಬಂತಾ? ನೀವು ಮಾಡೋದು ಬೇರೆ ಏನಾದ್ರೂ ಬಿಟ್ಟುಹೋಗಿದೆಯಾ? ಇದ್ರೆ ಈಗ ಸೇರಿಸೋಣ. ಕೆಳಗೆ ನಿಮ್ಮ ಅಭಿಪ್ರಾಯಕ್ಕೆ ಜಾಗ ಇದೆ."

ನಾನು ಈಚೆ ಕೂತು ಮನಸ್ಸಿನಲ್ಲೇ ಅವನಿಗೆ ಹೇಳಿಕೊಡುತ್ತಿದ್ದೆ. ಹೇಳು ಮಾರಾಯ, ಹೇಳು. ಸಿಕ್ಕಿಕೊಂಡವರನ್ನು ನಗಿಸುತ್ತೀನಿ ಅಂತ ಹೇಳು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ, ನಿನಗಿರುವಷ್ಟು ಬಾಯಿ ಇನ್ಯಾರಿಗಿದೆ?

"ಏನಿಲ್ಲ ಮೇಡಂ," ಎಂದ ಮಲ್ಲಣ್ಣ. "ಎಲ್ಲಾ ಬಂದಿದೆ."

ಹೊರಗೆ ಬಂದ ಮೇಲೆ ನಾನು ಹರಿಹಾಯ್ದೆ. "ಯಾಕಣ್ಣ ಹೇಳ್ಲಿಲ್ಲ?"

"ಏನನ್ನ? ಕಳ್ಳನ ಹತ್ರ ಹೋಗಿ ನೀನು ಬೇರೆ ಏನೇನು ಕದೀತೀಯ ಅಂದ್ರೆ ಅವನು ಪಟ್ಟಿ ಕೊಡ್ತಾನಾ? ಆ ಮಾತಿನಿಂದಲೇ ತಾನೆ ತಂಗಿ ನನಗೆ ಈ ಗತಿ ಬಂದಿದ್ದು. ಅಪ್ಪಿತಪ್ಪಿ ಬಾಯಿ ಬಿಟ್ಟಿದ್ರೆ 'ಮಾತು ನಿಲ್ಲಿಸಬೇಕು' ಅಂತ ನಾಲ್ಕನೇ ಗುರಿ ಬರೀತಿದ್ರು." ಆಮೇಲೆ ಕಾಗದವನ್ನು ಎರಡು ಸಲ ಮಡಿಸಿ ಜೇಬಿಗೆ ಇಟ್ಟುಕೊಂಡ. "ಒಳ್ಳೇ ಹೆಂಗಸು ಆಕೆ. ಇಷ್ಟು ವರ್ಷದಲ್ಲಿ ನಾನೇನು ಮಾಡಬೇಕು ಅಂತ ನನಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ."

ಅದು ನಿಜ. ಅದೇ ಈ ಕಥೆಯ ಕಹಿ. ಬಯ್ದವರು ಬಹಳ ಜನ, ಹೇಳಿಕೊಟ್ಟವರು ಯಾರೂ ಇರಲಿಲ್ಲ. ಈಗ ಬಿಳಿ ಹಾಳೆಯ ಮೇಲೆ ಕರಿ ಅಕ್ಷರದಲ್ಲಿ ದಾರಿ ಕಂಡಿತು, ಅವನು ಆ ದಾರಿ ಹಿಡಿದ. ತರಬೇತಿಯಲ್ಲಿ ಒಂದು ಯುಕ್ತಿ ಕಲಿತ: ಫೋನನ್ನು ಸ್ಪೀಕರಿಗೆ ಹಾಕಿ, ಎರಡೂ ಕೈ ಬಿಡುವು ಮಾಡಿಕೊಂಡು, ಕೇಳುತ್ತಲೇ ಟೈಪು ಮಾಡುವುದು. ಮಂಡಿ ಕುಂಟಿದರೂ ಬೆರಳು ಕುಂಟಿರಲಿಲ್ಲ. ಮೊದಲ ಸೋಮವಾರ ಅರವತ್ತೆಂಟು, ಮುಂದಿನದು ಎಪ್ಪತ್ತನಾಲ್ಕು. ಅಲ್ಲಿಗೆ ಬಂದು ನಿಂತುಬಿಟ್ಟಿತು.

ನಿಂತದ್ದು ಯಾಕೆ ಎಂದು ಮ್ಯಾನೇಜರ್‌ಗೆ ಬೇಡವಾಗಿತ್ತು, ಆದರೆ ಯೋಜನೆಯಲ್ಲಿ ಬರೆದಿತ್ತಲ್ಲ, ಕೂತು ತೋರಿಸಬೇಕಾಯಿತು. ತೋರಿಸಿದ. ಕೆಂಪು ದೂರು ಬಂದಾಗಲೆಲ್ಲ ಮಲ್ಲಣ್ಣ ಅದನ್ನು ಎರಡು ನಿಮಿಷದೊಳಗೆ ಒಪ್ಪಿಸುತ್ತಿದ್ದ, ಸರಿಯೇ. ಆದರೆ ಆಮೇಲೂ ಲೈನು ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಹಿಂದೆ ಬಂದ ದೂರುಗಳು ತಡವಾಗುತ್ತಿದ್ದವು, ಎತ್ತದ ಫೋನುಗಳು ಹೆಚ್ಚುತ್ತಿದ್ದವು. ಅಂಕಿ ಬೆರಳು ಮಾಡಿ ತೋರಿಸುತ್ತಿತ್ತು. ಒಪ್ಪಿಸಿದ ಮೇಲಿನ ಮಾತಿಗೆ ಆ ಕಾಗದದಲ್ಲಿ ಜಾಗವೇ ಇರಲಿಲ್ಲ. ತಪ್ಪು ಎಂದೂ ಇರಲಿಲ್ಲ, ಸರಿ ಎಂದೂ ಇರಲಿಲ್ಲ. ಅದು ಕೆಲಸವೇ ಆಗಿರಲಿಲ್ಲ.

ಆ ವಾರ ಅವನ ಮನೆಗೆ ಹೋಗಿದ್ದೆ. ಮಗು ನನ್ನ ಮಡಿಲಲ್ಲಿ ನಿದ್ದೆ ಹೋಗಿತ್ತು. ಅತ್ತಿಗೆ ಬಾಗಿಲ ಬಳಿ ನಿಂತು, ದನಿ ಎತ್ತದೆ ಗಂಡನಿಗೆ ಹೇಳಿದಳು. "ಊರವರನ್ನೆಲ್ಲ ಸಮಾಧಾನ ಮಾಡಿದ್ದು ಸಾಕು. ಇಲ್ಲಿ ನಾವು ಮೂರು ಜನ ಸಿಕ್ಕಾಕ್ಕೊಂಡಿದೀವಿ. ನಮ್ಮ ಬಾಗಿಲು ತೆಗಿ ಮೊದ್ಲು." ಮಲ್ಲಣ್ಣ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದವನು ತಿಕ್ಕುತ್ತಲೇ ಇದ್ದ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಇದೆ. ಅವತ್ತು ಅವನ ಹತ್ತಿರ ಮಾತೂ ಇರಲಿಲ್ಲ, ಜಗಳವೂ ಇರಲಿಲ್ಲ.

ಮರುದಿನದಿಂದ ಅವನು ಫೋನ್ ಇಡಲು ಕಲಿತ.

ನಾನು ನೋಡಿದ್ದೇನೆ. ಮೊದಮೊದಲು ಕೈ ಫೋನು ಕಡಿಯುವ ಗುಂಡಿಯ ಮೇಲೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಆ ಕಡೆಯಿಂದ "ಹಲೋ, ಹಲೋ, ಇದ್ದೀರಾ?" ಎಂದು ಕೇಳುತ್ತಿತ್ತು. ಅವನು ನಾಲ್ಕು ಸೂಚನೆ ಹೇಳುತ್ತಿದ್ದ. ಬಾಗಿಲು ಎಳೆಯಬೇಡಿ, ಹೊರಗಿನವರು ತೆಗೆಯಲು ಬಿಡಬೇಡಿ, ಒಳಗೆ ಗಾಳಿ ಬರುತ್ತದೆ, ಮೆಕ್ಯಾನಿಕ್ ಹೊರಟಿದ್ದಾನೆ. ಗುಂಡಿ ಒತ್ತಿದ ಮೇಲೆ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿಯುತ್ತಿದ್ದ, ಬಿಸಿ ಪಾತ್ರೆ ಮುಟ್ಟಿದವನಂತೆ. ಕೆಲವು ದಿನ ಕಳೆದ ಮೇಲೆ ಹಾಗೆ ಸರಿಯುವುದೂ ನಿಂತಿತು. ಮನುಷ್ಯ ಯಾವುದಕ್ಕೆ ಒಗ್ಗುವುದಿಲ್ಲ ಹೇಳಿ.

ಐದನೇ ವಾರ ಎಂಬತ್ತೇಳು. ಆರನೇ ವಾರ ತೊಂಬತ್ತು. ಏಳನೇ ವಾರ ಒಂದು ದಿನ ಕಂಪ್ಯೂಟರ್ ಕೆಟ್ಟು ಕೂತಿತು, ಮ್ಯಾನೇಜರ್ ಆ ದಿನದ ತಡವನ್ನೂ ಸೇರಿಸಿ ಎಂಬತ್ತೆರಡು ಎಂದು ಬರೆದ. ಮಲ್ಲಣ್ಣ ಜೇಬಿನಿಂದ ಕಾಗದ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟ. ಮ್ಯಾನೇಜರ್ ಅವನ ಹಿಂದಿನ ಗೋಡೆ ನೋಡಿ ಅಂಕಿ ತಿದ್ದಿದ. ಅವತ್ತು ಸಂಜೆ ನನಗೆ ಹಬ್ಬದಷ್ಟು ಖುಷಿಯಾಯಿತು. ಕಾಗದ ಗಟ್ಟಿ ಇದ್ದರೆ ಬಡವನೂ ನಿಂತು ಮಾತಾಡಬಹುದು ಎಂದು ಅವತ್ತು ಕಂಡೆ. ಅದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಎಂಟನೇ ವಾರ ಮುಗಿಯಿತು, ಮಲ್ಲಣ್ಣ ಪಾಸಾದ. ಮೂರಕ್ಕೆ ಮೂರೂ, ನಾಲ್ಕಕ್ಕೆ ನಾಲ್ಕೂ ವಾರ. ಮ್ಯಾನೇಜರ್‌ಗೆ ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ, ಆದರೂ ಮುಖ ಸಿಂಡರಿಸಲಿಲ್ಲ. ಯಾಕೆಂದರೆ ಶಾಖೆಯ ಅಂಕಿ ಮೇಲೆ ಬಂದಿತ್ತು, ಮುಖ್ಯ ಕಚೇರಿಯಿಂದ ಭೇಷ್ ಅನ್ನಿಸಿಕೊಂಡಿದ್ದ. ಮಲ್ಲಣ್ಣನ ಯೋಜನೆಯ ಮೂರು ಗುರಿಗಳನ್ನೇ ಇಡೀ ಡೆಸ್ಕಿಗೆ ನಿಯಮ ಮಾಡಿ ಗೋಡೆಗೆ ಅಂಟಿಸಿದ. ಅವನನ್ನು ಓಡಿಸಲು ಎತ್ತಿದ ಕೋಲು ಎಲ್ಲರ ಊರುಗೋಲಾಯಿತು.

ಮುಕ್ತಾಯದ ಪತ್ರ ಕೊಡಲು ಎಚ್.ಆರ್. ಮೇಡಂ ಖುದ್ದಾಗಿ ಬಂದಳು. ಮುಖ ಅರಳಿತ್ತು. "ನನ್ನ ಕೆಲಸದಲ್ಲಿ ಇದು ಅಪರೂಪ. ಪಿಐಪಿ ಅಂದ್ರೆ ಹೊರಗೆ ಕಳಿಸೋ ಬಾಗಿಲು ಅಂತಾರೆ ಎಲ್ಲರೂ. ಅಲ್ಲ ಅಂತ ನೀವು ತೋರಿಸಿಕೊಟ್ರಿ."

"ನೀವು ಬರೆದುಕೊಟ್ಟಿದ್ದಕ್ಕೆ ಆಯ್ತು ಮೇಡಂ," ಎಂದ ಮಲ್ಲಣ್ಣ. ಪತ್ರವನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಆಮೇಲೆ ಹೊರಡಬೇಕಾದವನು ಹೊರಡಲಿಲ್ಲ. "ಒಂದು ಕೇಳ್ಲಾ? ಸುಮ್ನೆ ತಿಳ್ಕೊಳ್ಳೋಕೆ. ಒಳಗೆ ಸಿಕ್ಕಿಕೊಂಡವರ ಜೊತೆ, ಬಾಗಿಲು ತೆಗೆಯೋವರೆಗೂ ಮಾತಾಡೋದು. ಅದನ್ನ ಅಳೆಯೋಕೆ ಬರುತ್ತಾ?"

ಮೇಡಂ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದವಳು ನಿಲ್ಲಿಸಿದಳು. "ಮಾತಾಡೋದು ಅಂದ್ರೆ?"

ನಾನು ಸ್ಟೋರು ಬಿಟ್ಟು ಎದ್ದು ಬಂದು ಎಲ್ಲ ಹೇಳಿದೆ. ನಾದಿನಿಯನ್ನು ಬಯ್ದ ಹೆಂಗಸರು, ನಡೆದು ಹೊರಗೆ ಬಂದ ಜನ, ಮೆಕ್ಯಾನಿಕ್‌ಗಳ ಮಾತು. ಮಲ್ಲಣ್ಣ ಬೇಡ ಬೇಡ ಎನ್ನುತ್ತಿದ್ದ, ನಾನು ಬಿಡಲಿಲ್ಲ. ಮೇಡಂ ಕೇಳುತ್ತಾ ಕೇಳುತ್ತಾ ಕುರ್ಚಿ ಎಳೆದುಕೊಂಡು ಕೂತಳು.

"ಬರುತ್ತೆ ಕಣ್ರೀ," ಎಂದಳು, ಸಣ್ಣ ದನಿಯಲ್ಲಿ. "ಯಾಕೆ ಬರಲ್ಲ? ಒಪ್ಪಿಸಿದ ಮೇಲೆ ಬಾಗಿಲು ತೆಗೆಯೋವರೆಗೆ ಐದೈದು ನಿಮಿಷಕ್ಕೊಮ್ಮೆ ಒಳಗಿನವರಿಗೆ ವಾಪಸ್ ಫೋನ್ ಮಾಡೋದು. ಕರೆ ದಾಖಲೆ ತೆಗೆದ್ರೆ ಎಷ್ಟು ಮಾಡಿದ್ರಿ ಅಂತ ಗೊತ್ತಾಗುತ್ತೆ. ಆ ಹೊತ್ತಲ್ಲಿ ಬರೋ ಬೇರೆ ಫೋನು ಇನ್ನೊಬ್ಬರು ಎತ್ತೋದು, ಅದು ನಿಮ್ಮ ಲೆಕ್ಕಕ್ಕೆ ಇಲ್ಲ. ಒಂದೇ ಸಾಲು. ಒಂದು ಸಾಲು ಸೇರಿಸಿದ್ರೆ ಆಗ್ತಿತ್ತು. ನಾನು ಕೇಳಿದ್ನಲ್ಲ, ಬಿಟ್ಟುಹೋಗಿದ್ದು ಏನಾದ್ರೂ ಇದೆಯಾ ಅಂತ ಕೇಳಿದ್ನಲ್ಲ! ಯಾಕೆ ಹೇಳ್ಲಿಲ್ಲ?"

"ಅದು ಕೆಲಸ ಅಂತ ನನಗೆ ಗೊತ್ತಿರ್ಲಿಲ್ಲ ಮೇಡಂ. ತಪ್ಪು ಅಂತಾನೇ ಬರೆದಿದ್ರು, ಎಲ್ಲಾ ವರ್ಷ."

ಆಕೆ ಆ ಹಳೆಯ ಮೌಲ್ಯಮಾಪನಗಳನ್ನು ಓದಿದ್ದಳು. ಓದಿಯೂ ಆ 'ಅನಗತ್ಯ ಮಾತು' ಯಾರ ಜೊತೆ ಎಂದು ವಿಚಾರಿಸಿರಲಿಲ್ಲ. ಹೆಂಡತಿಯ ಜೊತೆಯೋ ಗೆಳೆಯರ ಜೊತೆಯೋ ಎಂದುಕೊಂಡಿದ್ದಳೋ ಏನೋ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರನ್ನೂ ಬಯ್ಯಲು ಕಾರಣ ಸಿಗಲಿಲ್ಲ.

ಮೇಡಂ ಪ್ರಯತ್ನಪಟ್ಟಳು. ಅದೇ ಮಧ್ಯಾಹ್ನ ಮ್ಯಾನೇಜರ್ ಕೋಣೆಗೆ ಹೋಗಿ ನಾಲ್ಕನೆಯ ಗುರಿ ಸೇರಿಸೋಣ, ಎಲ್ಲರಿಗೂ ಸೇರಿಸೋಣ ಎಂದಳು. ಗೋಡೆಯಾಚೆಯಿಂದ ಮ್ಯಾನೇಜರ್ ನಕ್ಕದ್ದು ಕೇಳಿಸಿತು. "ಮೇಡಂ, ಅಳೆಯೋದನ್ನ ಬರೀರಿ ಅಂದೋರು ನೀವೇ. ಬರೆದೆ. ಅಳೆದೆ. ಅಂಕಿ ತೊಂಬತ್ತೊಂದಕ್ಕೆ ಬಂದಿದೆ. ಈಗ ತಿರುಗಿ ಮಾತಾಡಿಸ್ತಾ ಕೂತ್ಕೊಳ್ಳಿ ಅಂದ್ರೆ ಅದು ಕೆಳಗೆ ಬರುತ್ತೆ. ಆಗ ಮುಖ್ಯ ಕಚೇರಿಗೆ ಉತ್ತರ ಹೇಳೋದು ಯಾರು? ಸಿಕ್ಕಿಕೊಂಡವರು ಯಾರಾದ್ರೂ ದೂರು ಕೊಟ್ಟಿದ್ದಾರಾ, ನಮ್ಮ ಜೊತೆ ಮಾತಾಡ್ಲಿಲ್ಲ ಅಂತ?"

ಯಾರೂ ಕೊಟ್ಟಿರಲಿಲ್ಲ. ಬಾಗಿಲು ತೆಗೆದ ಮೇಲೆ ಜನರಿಗೆ ಮನೆ ಸೇರಿದರೆ ಸಾಕಾಗಿರುತ್ತದೆ, ದೂರು ಬರೆಯುತ್ತಾ ಯಾರು ಕೂರುತ್ತಾರೆ? ಮೇಡಂ ಬರುತ್ತೇನೆ ಎಂದೂ ಹೇಳದೆ ಹೊರಟುಹೋದಳು. ಆಮೇಲೆ ಆಕೆಯನ್ನು ಬೇರೆ ಕಡೆಗೆ ಹಾಕಿದರು. ನಮ್ಮ ಶಾಖೆಗೆ ಬರುವವರು ಈಗ ಬೇರೆ ಯಾರೋ.

ಮಲ್ಲಣ್ಣ ಇದ್ದಾನೆ. ಅತ್ತಿಗೆಯ ಮುಖದಲ್ಲಿ ಗೆಲುವಿದೆ, ಮಗು ನಡೆಯಲು ಕಲಿತಿದೆ. ಡೆಸ್ಕಿಗೆ ಹೊಸಬರು ಬಂದರೆ ಮ್ಯಾನೇಜರ್ ಅವರನ್ನು ಇವನ ಪಕ್ಕವೇ ಕೂರಿಸುತ್ತಾನೆ, ನೋಡಿ ಕಲಿಯಲಿ ಎಂದು. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಾನು ಒಮ್ಮೆ ಛೇಡಿಸಿದೆ. ಅವನು ನಗಲಿಲ್ಲ. ಈಗೀಗ ಊಟದ ಹೊತ್ತಿನಲ್ಲಿ ನನ್ನ ಜೊತೆಯೂ ಹೆಚ್ಚು ಮಾತಿಲ್ಲ. ಬುತ್ತಿ ತೆಗೆಯುತ್ತಾನೆ, ತಿನ್ನುತ್ತಾನೆ, ಡಬ್ಬಿ ತೊಳೆಯುತ್ತಾನೆ.

ಮೊನ್ನೆ ಮೆಕ್ಯಾನಿಕ್‌ಗೆ ಕೊಡಬೇಕಾದ ಬಾಗಿಲ ರೋಲರ್‌ಗಳ ಚೀಟಿ ಹಿಡಿದು ನಾನು ಅವನ ಮೇಜಿನ ಬಳಿ ನಿಂತಿದ್ದೆ. ಫೋನು ಸ್ಪೀಕರಿನಲ್ಲಿತ್ತು. ಕೆಂಪು ದೂರು. ವಯಸ್ಸಾದ ಹೆಂಗಸಿನ ದನಿ, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಲಿಫ್ಟಿನ ನಂಬರನ್ನು ಎರಡು ಸಲ ತಪ್ಪು ಹೇಳಿ ಮೂರನೇ ಸಲ ಸರಿ ಹೇಳಿದಳು. ಮಲ್ಲಣ್ಣ ಟೈಪು ಮಾಡುತ್ತಲೇ ನಾಲ್ಕು ಸೂಚನೆ ಹೇಳಿದ.

"ಅಪ್ಪಾ, ಒಂದು ನಿಮಿಷ ಇಡಬೇಡಿ," ಎಂದಳು ಆಕೆ. "ಹೋದ ವರ್ಷಾನೂ ಹೀಗೇ ಸಿಕ್ಕಾಕ್ಕೊಂಡಿದ್ದೆ. ಆಗ ನಿಮ್ಮಲ್ಲಿ ಒಬ್ಬರು ಇದ್ರು, ಪುಣ್ಯಾತ್ಮ. ಹೊರಗೆ ಬರೋವರೆಗೂ ಜೊತೇಲೇ ಇದ್ರು. ನನ್ನ ಸೊಸೆ ವಿಷಯ ಎಲ್ಲಾ ಕೇಳಿದ್ರು. ಅವರು ಇದಾರಾ? ಅವರಿಗೆ ಒಂಚೂರು ಫೋನ್ ಕೊಡಿ."

ಮಲ್ಲಣ್ಣನ ಬೆರಳು ನಿಂತವು. ಪರದೆಯಲ್ಲಿ ಸೆಕೆಂಡು ಓಡುತ್ತಿತ್ತು, ಅದರ ಕೆಳಗೆ ಇನ್ನೆರಡು ಫೋನು ಕಾಯುತ್ತಿದ್ದವು. ನಾನು ಅವನ ಹೆಗಲು ಮುಟ್ಟಿದೆ. ಅವನು ನನ್ನ ಕಡೆ ತಿರುಗಲಿಲ್ಲ.

"ಅವರು ಈಗ ಇಲ್ಲಮ್ಮ," ಎಂದ.

"ಅಯ್ಯೋ. ಎಲ್ಲಿ ಹೋದ್ರು?"

"ಕೆಲಸ ಬಿಟ್ಟುಹೋದ್ರು," ಎಂದು ಹೇಳಿ, ದೂರನ್ನು ಮೆಕ್ಯಾನಿಕ್‌ಗೆ ಒಪ್ಪಿಸಿ, ಮಲ್ಲಣ್ಣ ಮುಂದಿನ ಫೋನು ಎತ್ತಿದ.